ಒಂದೇ ರಾಶಿ, ಆರು ಲಿಸ್ಟಿಂಗ್: ಹಾಳೆ ತಟ್ಟೆಯ ಸ್ಟಾಕನ್ನು ಒಂದು ಶೀಟಿನಿಂದ ನಡೆಸುವ ಕ್ರಮ

ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಬಾವನದ್ದು ಒಂದು ಸಣ್ಣ ಹಾಳೆ ತಟ್ಟೆಯ ಘಟಕ. ಅಡಿಕೆ ತೋಟದಿಂದ ಹಾಳೆ ಹೆಕ್ಕಿ ತರಿಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ, ಅಂಚು ಕತ್ತರಿಸಿ ಕಟ್ಟು ಕಟ್ಟುವವರೆಗಿನ ಕೆಲಸ ಅವರದ್ದು. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಮೂರರಲ್ಲೂ ಮಾರುವ ಲೆಕ್ಕ ನನ್ನ ತಲೆಗೆ.

ಮೊದಲ ವರ್ಷ ನಾನು ಮೂರು ಕಡೆಗೂ ಪ್ರತ್ಯೇಕವಾಗಿ ಲಾಗಿನ್ ಆಗಿ ಸಂಖ್ಯೆ ಬದಲಿಸುತ್ತಿದ್ದೆ. ಒಂದು ಭಾನುವಾರ ಬೆಳಗ್ಗೆ ಹತ್ತು ಇಂಚಿನ ನೂರು ತಟ್ಟೆಯ ಕಟ್ಟಿಗೆ ಎರಡು ಆರ್ಡರ್ ಬಂತು. ಫೋನ್ ಮಾಡಿದರೆ ಬಾವ, "ನೂರರ ಕಟ್ಟು ಒಂದೂ ಇಲ್ಲೆ" ಅಂದರು. ಬಿಡಿ ತಟ್ಟೆ ಸೇರಿಸಿ ಕಟ್ಟಬಹುದಲ್ಲ ಎಂದರೆ ಬಿಡಿ ತಟ್ಟೆಯೂ ಇರಲಿಲ್ಲ. ಹಿಂದಿನ ಎರಡು ದಿನಗಳಲ್ಲಿ ಬೇರೆ ಕಡೆ ಇಪ್ಪತ್ತೈದರ ಕಟ್ಟುಗಳಾಗಿ ಅಷ್ಟೂ ಹೋಗಿತ್ತು. ಎರಡೂ ಆರ್ಡರ್ ನಾವೇ ರದ್ದು ಮಾಡಬೇಕಾಯಿತು.

ದೊಡ್ಡ ಅಂಗಡಿಯವರಿಗೆ ಎರಡು ರದ್ದತಿ ಲೆಕ್ಕಕ್ಕೇ ಬರುವುದಿಲ್ಲ, ನಮ್ಮಂಥವರಿಗೆ ಬರುತ್ತದೆ. ಮಾರಾಟಗಾರನೇ ರದ್ದು ಮಾಡುವ ಆರ್ಡರುಗಳು ಏಳು ದಿನದ ಲೆಕ್ಕದಲ್ಲಿ ಶೇ. 2.5 ದಾಟಬಾರದು ಎಂದು ಅಮೆಜಾನ್ ಹೇಳುತ್ತದೆ. ವಾರಕ್ಕೆ 40 ಆರ್ಡರ್ ಇರುವವನು ಎರಡು ರದ್ದು ಮಾಡಿದರೆ ಶೇ. 5 ಆಯಿತು. ಅಂದರೆ ಸಣ್ಣ ಮಾರಾಟಗಾರನಿಗೆ ತಪ್ಪಲು ಇರುವ ಅವಕಾಶ ವಾರಕ್ಕೆ ಒಂದೇ ಒಂದು ಸಲ.

ಆ ಭಾನುವಾರದ ನಂತರ ಕಟ್ಟಿಕೊಂಡ ಶೀಟಿನ ವಿವರ ಇಲ್ಲಿದೆ. ಗೂಗಲ್ ಶೀಟ್ಸ್ ಸಾಕು, ಬೇರೆ ಸಾಫ್ಟ್‌ವೇರ್ ಬೇಡ. ತಟ್ಟೆಯ ಬದಲು ಗೇರುಬೀಜವೋ ಸಾಬೂನೋ ಮಾರುವವರಿಗೂ, ಒಂದೇ ಮಾಲನ್ನು ಬೇರೆಬೇರೆ ಗಾತ್ರದ ಪ್ಯಾಕ್‌ಗಳಲ್ಲಿ ಮಾರುವುದಾದರೆ, ಇದೇ ಕ್ರಮ ಹಿಡಿಸುತ್ತದೆ.

ಕಟ್ಟನ್ನು ಎಣಿಸಬೇಡಿ, ತಟ್ಟೆಯನ್ನು ಎಣಿಸಿ

ನಮ್ಮ ತಪ್ಪಿನ ಬೇರು ಇದ್ದದ್ದು ಇಲ್ಲಿ. ಇಪ್ಪತ್ತೈದರ ಕಟ್ಟು ಇಷ್ಟು, ಐವತ್ತರದ್ದು ಇಷ್ಟು, ನೂರರದ್ದು ಇಷ್ಟು ಎಂದು ಮೂರು ಸ್ಟಾಕ್ ಬರೆಯುತ್ತಿದ್ದೆವು. ಗೋಡೌನಿನಲ್ಲಿ ನಿಜವಾಗಿ ಇರುವುದು ಒಂದೇ ರಾಶಿ. ಕಟ್ಟು ಎನ್ನುವುದು ಆರ್ಡರ್ ಬಂದ ಮೇಲೆ ಸುತ್ತುವ ಪ್ಲಾಸ್ಟಿಕ್ ಹಾಳೆ, ಅಷ್ಟೇ. ಆದ್ದರಿಂದ ಶೀಟಿನಲ್ಲಿ ಸ್ಟಾಕ್ ಇರಬೇಕಾದದ್ದು ಬಿಡಿ ತಟ್ಟೆಯ ಲೆಕ್ಕದಲ್ಲಿ, ಒಂದು ಬಗೆಗೆ ಒಂದೇ ಸಾಲು.

ಹತ್ತು ಇಂಚಿನ ಗುಂಡು ತಟ್ಟೆಗೆ ನಾವು ಇಟ್ಟ ಹೆಸರು `HT10R`. ಅದರಿಂದ ಹುಟ್ಟುವ ಮೂರು ಮಾರಾಟದ ಕೋಡುಗಳು `HT10R-P025`, `HT10R-P050`, `HT10R-P100`. ಇವೇ ನಮ್ಮ ಎಸ್‌ಕೆಯು. ಮೂರು ಮಾರುಕಟ್ಟೆಗಳಲ್ಲೂ ಅಕ್ಷರ ಬಿಡದೆ ಇದೇ ಕೋಡು ಹಾಕಿ. ಅಮೆಜಾನಿನಲ್ಲಿ ಒಮ್ಮೆ ಕೊಟ್ಟ ಎಸ್‌ಕೆಯು ತಿದ್ದಲು ಬರುವುದಿಲ್ಲ. ಆ ಲಿಸ್ಟಿಂಗ್ ಅಳಿಸಿ ಹೊಸದು ಮಾಡಬೇಕಾಗುತ್ತದೆ. ಹಾಗಾಗಿ ಮೊದಲ ದಿನ ಈ ಹೆಸರಿನ ಮೇಲೆ ಅರ್ಧ ಗಂಟೆ ಕಳೆದರೆ ನಷ್ಟವಿಲ್ಲ.

ಕೋಡು ಅಕ್ಷರದಿಂದಲೇ ಶುರುವಾಗಲಿ. ನಾವು ಮೊದಲು ಹತ್ತು ಇಂಚು, ಇಪ್ಪತ್ತೈದು ತಟ್ಟೆ ಎಂಬ ಅರ್ಥದಲ್ಲಿ `10-25` ಎಂದು ಇಟ್ಟಿದ್ದೆವು. ನೋಡಲು ಚಂದ, ಆದರೆ ಎಕ್ಸೆಲ್‌ನಲ್ಲಿ ತೆರೆದ ಕೂಡಲೇ ಅದು ಅಕ್ಟೋಬರ್ ತಿಂಗಳಿನ ತಾರೀಕು ಆಗಿಬಿಟ್ಟಿತು. ಹನ್ನೆರಡು ಇಂಚಿನದ್ದು ಡಿಸೆಂಬರ್ ಆಯಿತು. ಫೈಲ್ ಅಪ್‌ಲೋಡ್ ಮಾಡಿದಾಗ ಅಂಥ ಎಸ್‌ಕೆಯು ಇಲ್ಲವೇ ಇಲ್ಲ ಎಂಬ ಉತ್ತರ ಬಂತು. ಇದೇ ರೀತಿ ಹದಿಮೂರು ಅಂಕಿಯ ಬಾರ್‌ಕೋಡ್ ಸಂಖ್ಯೆ ಎಕ್ಸೆಲ್‌ನಲ್ಲಿ `8.90E+12` ಎಂದು ಮುದುಡಿಕೊಳ್ಳುತ್ತದೆ. ಅಂಥ ಕಾಲಂಗಳನ್ನು ಮೊದಲೇ ಆಯ್ದು, ಸಾದಾ ಪಠ್ಯ ಎಂದು ಗೊತ್ತುಪಡಿಸಿ, ಆಮೇಲೆ ಸಂಖ್ಯೆ ಹಾಕಬೇಕು. ಮುದುಡಿದ ಮೇಲೆ ಸಿಎಸ್‌ವಿ ಫೈಲಾಗಿ ಸೇವ್ ಮಾಡಿದರೆ ಕೊನೆಯ ಅಂಕಿಗಳು ಹೋಗಿರುತ್ತವೆ, ತಿರುಗಿ ಬರುವುದಿಲ್ಲ.

ಮೂರು ಪುಟ

ಶೀಟಿನಲ್ಲಿ ಮೂರು ಪುಟ ಮಾಡಿ: `Log`, `Stock`, `Listings`.

`Log` ಎಂದರೆ ನಮ್ಮ ಹಳೆಯ ಅಂಗಡಿಗಳ ಚಿಟ್ಟೆಪುಸ್ತಕ ಇದ್ದ ಹಾಗೆ. ಏನು ನಡೆದರೂ ಒಂದು ಸಾಲು ಸೇರಿಸುವುದು, ಹಿಂದಿನ ಸಾಲನ್ನು ಅಳಿಸದೇ ಇರುವುದು. ಎ ಕಾಲಂನಲ್ಲಿ ತಾರೀಕು, ಬಿಯಲ್ಲಿ ತಟ್ಟೆಯ ಹೆಸರು, ಸಿಯಲ್ಲಿ ಕಾರಣ, ಡಿಯಲ್ಲಿ ಆರ್ಡರ್ ಸಂಖ್ಯೆ, ಇಯಲ್ಲಿ ತಟ್ಟೆಗಳ ಸಂಖ್ಯೆ. ಒಳಗೆ ಬಂದದ್ದು ಕೂಡಿಸುವ ಸಂಖ್ಯೆ, ಹೋದದ್ದು ಕಳೆಯುವ ಸಂಖ್ಯೆ. ಕಾರಣಗಳು ನಮಗೆ ಆರೇ ಇವೆ: ತಯಾರಿ, ಆರ್ಡರ್, ರದ್ದು, ವಾಪಸ್, ಹಾಳು, ಎಣಿಕೆ.

ಇಲ್ಲಿ ಒಂದು ನಿರ್ಧಾರ ಮೊದಲೇ ಮಾಡಿಕೊಳ್ಳಬೇಕು. ಆರ್ಡರನ್ನು ಕಳೆಯುವುದು ಬಂದ ಕೂಡಲೆಯೋ, ಪಾರ್ಸೆಲ್ ಹೊರಟ ಮೇಲೆಯೋ? ಬಂದ ಕೂಡಲೇ ಕಳೆಯಿರಿ. ಪಾರ್ಸೆಲ್ ಹೊರಟ ಮೇಲೆ ಕಳೆಯುತ್ತೇನೆ ಎನ್ನುವವನು ಒಂದೇ ತಟ್ಟೆಯನ್ನು ಎರಡು ಸಲ ಮಾರುತ್ತಾನೆ. ಹೀಗೆ ಮಾಡಿದರೆ `Log` ತೋರಿಸುವ ಮೊತ್ತ ಗೋಡೌನಿನಲ್ಲಿರುವ ತಟ್ಟೆ ಅಲ್ಲ, ಇನ್ನೂ ಯಾರಿಗೂ ಮಾತು ಕೊಡದ ತಟ್ಟೆ. ಕೆಲಸದವರಿಗೆ ಇದನ್ನು ಒಮ್ಮೆ ಬಿಡಿಸಿ ಹೇಳಬೇಕು, ಇಲ್ಲವಾದರೆ "ಶೀಟಿನಲ್ಲಿ ಕಮ್ಮಿ ಇದೆ, ಇಲ್ಲಿ ಜಾಸ್ತಿ ಉಂಟು" ಎಂದು ಅವರೇ ಸಂಖ್ಯೆ ಸರಿ ಮಾಡಿಬಿಡುತ್ತಾರೆ. ನಮ್ಮಲ್ಲಿ ಆದದ್ದೂ ಅದೇ.

ಇನ್ನೊಂದು ತಪ್ಪು ನಾನೇ ಮಾಡಿದ್ದು. ಐವತ್ತರ ಎರಡು ಕಟ್ಟಿನ ಆರ್ಡರ್ ಬಂದಾಗ ಅವಸರದಲ್ಲಿ 100 ಕಳೆಯುವ ಬದಲು 2 ಕಳೆದಿದ್ದೆ. ಈಗ ಕಟ್ಟಿನ ಸಂಖ್ಯೆ ಮತ್ತು ಎಸ್‌ಕೆಯು ಹಾಕಿದರೆ ತಟ್ಟೆಯ ಸಂಖ್ಯೆ ಸೂತ್ರವೇ ತರುವಂತೆ ಎರಡು ಕಾಲಂ ಹೆಚ್ಚು ಇಟ್ಟಿದ್ದೇವೆ. ಎಸ್‌ಕೆಯು ಕೈಯಿಂದ ಟೈಪ್ ಮಾಡದೆ ಪಟ್ಟಿಯಿಂದ ಆರಿಸುವ ಹಾಗೆ ಮಾಡಿದ್ದೇವೆ. ಕೋಡಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸೇರಿಕೊಂಡರೂ ಶೀಟಿಗೆ ಅದು ಬೇರೆಯೇ ಮಾಲು.

`Stock` ಪುಟದಲ್ಲಿ ಒಂದು ಬಗೆಯ ತಟ್ಟೆಗೆ ಒಂದು ಸಾಲು. ಎ ಕಾಲಂನಲ್ಲಿ ಹೆಸರು. ಬಿಯಲ್ಲಿ `Log` ಪುಟದ ಮೊತ್ತ:

```
=SUMIFS(Log!E:E, Log!B:B, A2)
```

ಸಿಯಲ್ಲಿ ಮೀಸಲು, ಅಂದರೆ ಎಣಿಕೆ ತಪ್ಪಿಗೂ ಸೀಳು ತಟ್ಟೆಗೂ ಎಂದು ಬದಿಗಿಡುವ ಸಂಖ್ಯೆ. ನಮ್ಮಲ್ಲಿ ಅದು 60. ಮಳೆಗಾಲದಲ್ಲಿ ಬೂಸು ಹಿಡಿಯುವ ಕಾರಣ ಅದನ್ನೇ 120ಕ್ಕೆ ಏರಿಸುತ್ತೇವೆ.

`Listings` ಪುಟದಲ್ಲಿ ಒಂದು ಮಾರುಕಟ್ಟೆಯ ಒಂದು ಲಿಸ್ಟಿಂಗಿಗೆ ಒಂದು ಸಾಲು. ಎಯಲ್ಲಿ ಮಾರುಕಟ್ಟೆ, ಬಿಯಲ್ಲಿ ಎಸ್‌ಕೆಯು, ಸಿಯಲ್ಲಿ ತಟ್ಟೆಯ ಹೆಸರು, ಡಿಯಲ್ಲಿ ಕಟ್ಟಿನೊಳಗಿನ ತಟ್ಟೆ, ಇಯಲ್ಲಿ ಮಿತಿ. ಎಫ್ ಕಾಲಂ ಮಾರುಕಟ್ಟೆಗೆ ತೋರಿಸಬೇಕಾದ ಸಂಖ್ಯೆ:

```
=MAX(0, MIN(E2, INT((XLOOKUP(C2,Stock!A:A,Stock!B:B)
  - XLOOKUP(C2,Stock!A:A,Stock!C:C)) / D2)))
```

ಇಷ್ಟೇ ಅದರ ಅರ್ಥ: ಉಳಿದ ತಟ್ಟೆಯಿಂದ ಮೀಸಲು ಕಳೆ, ಕಟ್ಟಿನ ಗಾತ್ರದಿಂದ ಭಾಗಿಸು, ಪೂರ್ತಿ ಕಟ್ಟುಗಳನ್ನು ಮಾತ್ರ ಇಟ್ಟುಕೋ, ಮಿತಿಗಿಂತ ಹೆಚ್ಚು ತೋರಿಸಬೇಡ, ಸೊನ್ನೆಗಿಂತ ಕೆಳಗೆ ಹೋಗಬೇಡ.

ಮಿತಿ ಯಾಕೆ ಬೇಕು

ಮಿತಿ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಕೈಯಲ್ಲಿ 1,000 ತಟ್ಟೆ ಇದೆ. ಇಪ್ಪತ್ತೈದರ ಲಿಸ್ಟಿಂಗ್ 40 ಕಟ್ಟು ಇದೆ ಎನ್ನುತ್ತದೆ, ಐವತ್ತರದ್ದು 20, ನೂರರದ್ದು 10. ಮೂರೂ ನಿಜವೇ, ಆದರೆ ಒಂದೊಂದಾಗಿ ನೋಡಿದಾಗ ಮಾತ್ರ. ಒಟ್ಟಿಗೆ ಕೂಡಿಸಿದರೆ 3,000 ತಟ್ಟೆ. ಮೂರು ಮಾರುಕಟ್ಟೆಯಲ್ಲೂ ಮೂರು ಕಟ್ಟು ಇಟ್ಟರೆ 9,000. ಒಂದು ಕಡೆ ಮಾರಿದ್ದು ಇನ್ನೊಂದು ಕಡೆಗೆ ತಕ್ಷಣ ಗೊತ್ತಾಗುವ ವ್ಯವಸ್ಥೆ ಇದ್ದವರಿಗೆ ಇದು ತೊಂದರೆ ಅಲ್ಲ. ದಿನಕ್ಕೆ ಎರಡು ಸಲ ಕೈಯಿಂದ ಅಪ್‌ಲೋಡ್ ಮಾಡುವವರಿಗೆ ಇದೇ ಹೊಂಡ.

ಮಿತಿ ಎಷ್ಟು ಇಡಬೇಕು? ಹಿಂದಿನ ಒಂದೆರಡು ತಿಂಗಳ ಆರ್ಡರ್ ನೋಡಿ, ಎರಡು ಅಪ್‌ಲೋಡ್‌ಗಳ ನಡುವೆ ಆ ಲಿಸ್ಟಿಂಗಿನಲ್ಲಿ ಅತಿ ಹೆಚ್ಚೆಂದರೆ ಎಷ್ಟು ಕಟ್ಟು ಹೋಗಿದೆ ಎಂದು ಹುಡುಕಿ, ಅದರ ಎರಡು ಪಾಲು ಇಡಿ. ಅಮೆಜಾನಿನಲ್ಲಿ ನಮ್ಮ ಇಪ್ಪತ್ತೈದರ ಕಟ್ಟು ಅರ್ಧ ದಿನದಲ್ಲಿ ನಾಲ್ಕಕ್ಕಿಂತ ಹೆಚ್ಚು ಹೋದದ್ದಿಲ್ಲ, ಹಾಗಾಗಿ ಮಿತಿ 8.

ಇದಕ್ಕೆ ಕೊಡುವ ಬೆಲೆಯೂ ಇದೆ. ಉಪನಯನಕ್ಕೋ ಗೃಹಪ್ರವೇಶಕ್ಕೋ ಐವತ್ತರ ಹತ್ತು ಕಟ್ಟು ಒಟ್ಟಿಗೆ ಬೇಕಾದವರಿಗೆ ನಾಲ್ಕೇ ಕಾಣುತ್ತದೆ, ಅವರು ಬೇರೆ ಅಂಗಡಿಗೆ ಹೋಗುತ್ತಾರೆ. ಸಂಖ್ಯೆ ಕಮ್ಮಿ ಇದ್ದರೆ "ಇನ್ನು ಎರಡೇ ಉಳಿದಿವೆ" ಎಂಬಂಥ ಸಾಲನ್ನು ಅಮೆಜಾನ್ ತಾನೇ ತೋರಿಸುತ್ತದೆ. ಅದರಿಂದ ಮಾರಾಟ ಏರುತ್ತದೆ ಎನ್ನುವವರಿದ್ದಾರೆ, ನನಗೆ ಅಂಥ ವ್ಯತ್ಯಾಸ ಕಂಡಿಲ್ಲ. ದೊಡ್ಡ ಆರ್ಡರ್ ನಮಗೆ ಹೇಗೂ ಫೋನಿನಲ್ಲೇ ಬರುವ ಕಾರಣ ಈ ನಷ್ಟವನ್ನು ಒಪ್ಪಿಕೊಂಡಿದ್ದೇವೆ.

ಈಗ ಜಿ ಕಾಲಂನಲ್ಲಿ ಪ್ರತಿ ಲಿಸ್ಟಿಂಗ್ ಎಷ್ಟು ತಟ್ಟೆಗೆ ಮಾತು ಕೊಡುತ್ತಿದೆ ಎಂದು ಬರಲಿ, `Stock` ಪುಟದ ಡಿ ಕಾಲಂನಲ್ಲಿ ಅದರ ಒಟ್ಟು ಮೊತ್ತ ಬರಲಿ:

```
=F2*D2
=SUMIFS(Listings!G:G, Listings!C:C, A2)
```

ಡಿ ಕಾಲಂನ ಸಂಖ್ಯೆ, ಬಿಯಿಂದ ಸಿ ಕಳೆದದ್ದಕ್ಕಿಂತ ಹೆಚ್ಚಾದರೆ ಆ ಕೋಶ ಕೆಂಪಾಗುವಂತೆ ಮಾಡಿ. ಇಡೀ ಶೀಟಿನಲ್ಲಿ ನಾನು ದಿನಾ ನೋಡುವುದು ಈ ಒಂದೇ ಕೋಶವನ್ನು.

ಒಂದು ಬೆಳಗಿನ ಲೆಕ್ಕ

ಗೋಡೌನಿನಲ್ಲಿ ಹತ್ತು ಇಂಚಿನ 1,260 ತಟ್ಟೆ ಇದೆ ಎಂದಿಟ್ಟುಕೊಳ್ಳಿ. ರಾತ್ರಿ ಬಂದ ಆರ್ಡರುಗಳು: ಅಮೆಜಾನಿನಲ್ಲಿ ಐವತ್ತರ ಎರಡು, ಫ್ಲಿಪ್‌ಕಾರ್ಟಿನಲ್ಲಿ ಇಪ್ಪತ್ತೈದರ ನಾಲ್ಕು, ಮೀಶೋದಲ್ಲಿ ಇಪ್ಪತ್ತೈದರ ಮೂರು. ಅಂದರೆ 100, 100, 75, ಒಟ್ಟು 275. ಅದನ್ನು `Log`ನಲ್ಲಿ ಬರೆದ ಮೇಲೆ ಉಳಿದದ್ದು 985. ಮೀಸಲು 60 ಕಳೆದರೆ ಮಾರಲು ತೋರಿಸಬಹುದಾದದ್ದು 925.

ನಮ್ಮ ಆರು ಲಿಸ್ಟಿಂಗ್‌ಗಳ ಮಿತಿ ಹೀಗಿದೆ. ಅಮೆಜಾನಿನಲ್ಲಿ ಇಪ್ಪತ್ತೈದರದ್ದು 8, ಐವತ್ತರದ್ದು 4, ನೂರರದ್ದು 2. ಮೂರೂ ತಲಾ 200 ತಟ್ಟೆಯ ಮಾತು. ಫ್ಲಿಪ್‌ಕಾರ್ಟಿನಲ್ಲಿ ಇಪ್ಪತ್ತೈದರದ್ದು 6, ಐವತ್ತರದ್ದು 3, ತಲಾ 150. ಮೀಶೋದಲ್ಲಿ ಇಪ್ಪತ್ತೈದರದ್ದು 8, ಅಂದರೆ 200. ಒಟ್ಟು 1,100. ಇರುವುದು 925, ಕೊಟ್ಟ ಮಾತು 1,100. ಕೋಶ ಕೆಂಪು.

ಕೆಂಪಾದಾಗ ಮೊದಲು ದೊಡ್ಡ ಕಟ್ಟನ್ನು ಮುಚ್ಚುವುದು ನಮ್ಮ ಕ್ರಮ. ನೂರರ ಕಟ್ಟಿನ ಮಿತಿಯನ್ನು ಸೊನ್ನೆ ಮಾಡಿದರೆ ಮಾತು 900ಕ್ಕೆ ಇಳಿಯುತ್ತದೆ, ಕೆಂಪು ಹೋಗುತ್ತದೆ. ದೊಡ್ಡದೇ ಯಾಕೆಂದರೆ, ಒಂದೇ ಆರ್ಡರ್ ರಾಶಿಯ ದೊಡ್ಡ ತುಂಡನ್ನು ಎತ್ತಿಕೊಂಡು ಹೋಗುವುದು ಅದರಲ್ಲೇ. ಇಪ್ಪತ್ತೈದರ ಒಂದು ಕಟ್ಟು ಹೆಚ್ಚಾಗಿ ಮಾರಿಹೋದರೆ ಸಂಜೆಯೊಳಗೆ ಒತ್ತಿ ಕೊಡಬಹುದು. ನೂರು ತಟ್ಟೆಗೆ ಹಾಳೆ ನೆನೆಯಬೇಕು, ಒಣಗಬೇಕು.

ಅದೇ ವಾರದ ಕೊನೆಗೆ ಉಳಿದದ್ದು 430 ಆಯಿತು ಎಂದುಕೊಳ್ಳೋಣ. ಮೀಸಲು ಕಳೆದರೆ 370. ನೂರರ ಕಟ್ಟು ಮುಚ್ಚಿದ್ದರೂ 900ರ ಮಾತು ಹಾಗೇ ಇದೆ. ಐವತ್ತರ ಎರಡು ಲಿಸ್ಟಿಂಗನ್ನೂ ಸೊನ್ನೆ ಮಾಡಿದರೆ 550. ಇನ್ನೂ ಕೆಂಪು. ಈಗ ಒಂದು ಮಾರುಕಟ್ಟೆಯನ್ನೇ ಸ್ವಲ್ಪ ದಿನ ಬಿಡಬೇಕು. ಎಲ್ಲಿ ನಿಮಗೆ ಒಂದು ಕಟ್ಟಿಗೆ ಉಳಿಯುವುದು ಕಮ್ಮಿಯೋ ಅದನ್ನು ಬಿಡಿ. ಉದಾಹರಣೆಗೆ ಮೀಶೋದ ಸಾಲನ್ನು ಸೊನ್ನೆ ಮಾಡಿದರೆ ಉಳಿಯುವ ಮಾತು 350, ಸರಿಹೋಯಿತು. ಮೂರೂ ಕಡೆ ಸ್ವಲ್ಪ ಸ್ವಲ್ಪ ಇಳಿಸುವುದಕ್ಕಿಂತ ಒಂದು ಕಡೆ ಪೂರ್ತಿ ನಿಲ್ಲಿಸುವುದು ವಾಸಿ ಎಂದು ನನ್ನ ಅನುಭವ. ನೆನಪಿಡುವುದೂ ಸುಲಭ, ತಿರುಗಿ ತೆರೆಯುವುದೂ ಸುಲಭ.

ಅಪ್‌ಲೋಡ್: ಮೊದಲು ಯಾವುದು, ಆಮೇಲೆ ಯಾವುದು

ಬೆಳಗ್ಗೆ ಒಂಬತ್ತಕ್ಕೆ ಒಮ್ಮೆ, ಕೊರಿಯರಿನವರು ಬಂದು ಹೋದ ಮೇಲೆ ಒಮ್ಮೆ. ಪ್ರತಿ ಸಲವೂ ಇದೇ ಅನುಕ್ರಮ: ಮೂರೂ ಕಡೆಯ ಹೊಸ ಆರ್ಡರ್ ಇಳಿಸಿಕೊಳ್ಳುವುದು, `Log`ನಲ್ಲಿ ಬರೆಯುವುದು, ಕೆಂಪು ನೋಡುವುದು, ಅದೇ ಗಳಿಗೆಯಲ್ಲಿ ಅಪ್‌ಲೋಡ್ ಮಾಡುವುದು. ನಡುವೆ ಚಹಾಕ್ಕೆ ಏಳಬಾರದು.

ತಮಾಷೆಗೆ ಹೇಳಿದ್ದಲ್ಲ. ನೀವು ಕಳಿಸುವ ಸಂಖ್ಯೆ "ಇಷ್ಟು ಕಳೆ" ಎಂಬ ಸೂಚನೆ ಅಲ್ಲ, "ಈಗ ಇರುವುದು ಇಷ್ಟು" ಎಂಬ ಹೊಸ ಘೋಷಣೆ. ಒಂಬತ್ತಕ್ಕೆ ಆರ್ಡರ್ ಇಳಿಸಿಕೊಂಡಿರಿ, ಹತ್ತಕ್ಕೆ ಅಪ್‌ಲೋಡ್ ಮಾಡಿದಿರಿ, ನಡುವೆ ಎರಡು ಕಟ್ಟು ಮಾರಿತು. ಮಾರುಕಟ್ಟೆ ತನ್ನ ಲೆಕ್ಕದಲ್ಲಿ ಎಂಟನ್ನು ಆರು ಮಾಡಿತ್ತು. ನಿಮ್ಮ ಫೈಲ್ ಹೋಗಿ ಅದನ್ನು ಮತ್ತೆ ಎಂಟು ಮಾಡುತ್ತದೆ. ಮಾರಿಹೋದ ಮಾಲು ಅಂಗಡಿಯಲ್ಲಿ ತಿರುಗಿ ಪ್ರತ್ಯಕ್ಷ.

ಇದೇ ಜಾತಿಯ ಇನ್ನೊಂದು ಸೂಕ್ಷ್ಮ ಅಮೆಜಾನಿನಲ್ಲಿದೆ. ಹಣ ಇನ್ನೂ ಖಚಿತವಾಗದ ಆರ್ಡರುಗಳು `Pending` ಎಂಬ ಬೇರೆ ಪಟ್ಟಿಯಲ್ಲಿ ಇರುತ್ತವೆ. ಕಳಿಸಬೇಕಾದ ಆರ್ಡರುಗಳ ಪಟ್ಟಿಯಲ್ಲಿ ಅವು ಕಾಣುವುದಿಲ್ಲ, ಆದರೆ ಸ್ಟಾಕನ್ನು ಆಗಲೇ ಹಿಡಿದಿಟ್ಟುಕೊಂಡಿರುತ್ತವೆ. ಕಳಿಸಬೇಕಾದದ್ದನ್ನು ಮಾತ್ರ ಬರೆದು ಅಪ್‌ಲೋಡ್ ಮಾಡಿದರೆ, ಹಿಡಿದಿಟ್ಟ ಆ ಕಟ್ಟುಗಳು ಇನ್ನೊಬ್ಬರಿಗೆ ಮಾರಾಟಕ್ಕೆ ತೆರೆದುಕೊಳ್ಳುತ್ತವೆ. ಅವನ್ನೂ `Log`ನಲ್ಲಿ ಆರ್ಡರ್ ಎಂದೇ ಬರೆಯಿರಿ. ಬಿದ್ದುಹೋದರೆ ರದ್ದು ಎಂದು ಒಂದು ಸಾಲು ಸೇರಿಸಿದರಾಯಿತು.

ಅಪ್‌ಲೋಡಿಗೆ ಪ್ರತಿ ಮಾರುಕಟ್ಟೆಗೂ ಅದರದ್ದೇ ಫೈಲಿನ ನಮೂನೆ ಇದೆ. ಅದರ ಕಾಲಂಗಳ ಹೆಸರು, ಕ್ರಮ ಮುಟ್ಟಬೇಡಿ. ಶೀಟಿನಲ್ಲಿ ಮೂರು ಪುಟ ಹೆಚ್ಚಿಗೆ ಮಾಡಿ, ಪ್ರತಿಯೊಂದರಲ್ಲೂ ಆಯಾ ಮಾರುಕಟ್ಟೆಯ ನಮೂನೆಯನ್ನು ಹಾಗೇ ಅಂಟಿಸಿ, ಸ್ಟಾಕಿನ ಕಾಲಂ ಒಂದಕ್ಕೆ ಮಾತ್ರ `Listings`ನಿಂದ ಸಂಖ್ಯೆ ಎಳೆದು ತನ್ನಿ:

```
=SUMIFS(Listings!F:F, Listings!A:A, "Amazon", Listings!B:B, A2)
```

ಈ ಸೂತ್ರದಲ್ಲಿ ಒಂದು ಅಪಾಯ ಅಡಗಿದೆ: ಹೊಂದುವ ಎಸ್‌ಕೆಯು ಸಿಗದಿದ್ದರೆ ಅದು ದೂರು ಹೇಳುವುದಿಲ್ಲ, ಸದ್ದಿಲ್ಲದೆ ಸೊನ್ನೆ ಕೊಡುತ್ತದೆ. ನಾಲ್ಕು ದಿನದಿಂದ ಒಂದು ಲಿಸ್ಟಿಂಗಿಗೆ ಆರ್ಡರೇ ಇಲ್ಲ ಎಂದಾದರೆ ಬೇಡಿಕೆ ಬಿತ್ತು ಎಂದು ಕೊರಗುವ ಮೊದಲು ಇದನ್ನು ನೋಡಿ. ಮತ್ತೆ, ಸೊನ್ನೆಗೂ ಖಾಲಿಗೂ ಅಜಗಜಾಂತರ. ಅಮೆಜಾನಿನ ಬೆಲೆ ಮತ್ತು ಸ್ಟಾಕಿನ ಫೈಲಿನಲ್ಲಿ ಸೊನ್ನೆ ಎಂದರೆ ಮಾಲು ಮುಗಿದಿದೆ. ಖಾಲಿ ಎಂದರೆ ಹಿಂದೆ ಇದ್ದ ಸಂಖ್ಯೆಯೇ ಇರಲಿ. ಮಾಲಿಲ್ಲ ಎಂದು ಕೋಶವನ್ನು ಅಳಿಸಿ ಕಳಿಸಿದರೆ ಲಿಸ್ಟಿಂಗ್ ಜೀವಂತವಾಗಿಯೇ ಇರುತ್ತದೆ.

ಫೈಲ್ ಹೋಯಿತು ಎಂದರೆ ಕೆಲಸ ಆಯಿತು ಎಂದಲ್ಲ. ಎಷ್ಟು ಸಾಲು ಒಪ್ಪಿತವಾಯಿತು, ಎಷ್ಟು ತಿರಸ್ಕೃತವಾಯಿತು ಎಂಬ ವರದಿ ಕೆಲವು ನಿಮಿಷದ ನಂತರ ಬರುತ್ತದೆ. ನೀವು ಕಳಿಸಿದ್ದು ಎಷ್ಟು ಸಾಲೋ ಒಪ್ಪಿತವಾದದ್ದೂ ಅಷ್ಟೇ ಇರಬೇಕು.

ಅಮೆಜಾನಿನ ಗೋಡೌನಿಗೆ ಮಾಲು ಕಳಿಸಿ ಅವರಿಂದಲೇ ರವಾನೆ ಮಾಡಿಸುವವರಿಗೆ ಒಂದು ಮಾತು. ಆ ತಟ್ಟೆಗಳು ನಿಮ್ಮ ರಾಶಿಯಲ್ಲಿ ಇಲ್ಲ. `Log`ನಲ್ಲಿ ಹೊರಗೆ ಹೋದದ್ದೆಂದು ಕಳೆದುಬಿಡಿ, ಅದಕ್ಕೆ ಬೇರೆಯೇ ಎಸ್‌ಕೆಯು ಇಡಿ. ಆ ಎಸ್‌ಕೆಯುವನ್ನು ಈ ಫೈಲಿನಲ್ಲಿ ಸೇರಿಸಲೇಬೇಡಿ. ಸಂಖ್ಯೆ ಹಾಕಿ ಕಳಿಸಿದರೆ ಅದು ನೀವೇ ರವಾನೆ ಮಾಡುವ ಲಿಸ್ಟಿಂಗ್ ಆಗಿ ಬದಲಾಗಬಹುದು. ಕಾಸರಗೋಡಿನವರಿಗೆ ಇದರಲ್ಲಿ ಇನ್ನೊಂದು ಗಂಟಿದೆ: ನಮ್ಮ ಜಿಎಸ್‌ಟಿ ನೋಂದಣಿ ಕೇರಳದ್ದು, 32ರಿಂದ ಶುರುವಾಗುವುದು. ಮಾಲನ್ನು ಬೆಂಗಳೂರಿನ ಗೋಡೌನಿನಲ್ಲಿ ಇಟ್ಟು ಮಾರಬೇಕಾದರೆ ಕರ್ನಾಟಕದ, ಅಂದರೆ 29ರ ನೋಂದಣಿ ಬೇರೆ ಬೇಕು. ಮಂಗಳೂರು ನಮಗೆ ಒಂದೂವರೆ ಗಂಟೆಯ ದಾರಿ, ತೆರಿಗೆಯ ಲೆಕ್ಕದಲ್ಲಿ ಮಾತ್ರ ಬೇರೆ ರಾಜ್ಯ.

ಹೆಸರು, ಅಳತೆ, ಎಂಆರ್‌ಪಿ

ಸ್ಟಾಕ್ ಸರಿ ಇದ್ದೂ ಲಿಸ್ಟಿಂಗ್ ತಪ್ಪಿರಬಹುದು. ನಮ್ಮ ಒಂದು ಕಡೆ ಶೀರ್ಷಿಕೆಯಲ್ಲಿ ಐವತ್ತು, ವಿವರದಲ್ಲಿ ಇಪ್ಪತ್ತೈದು ಎಂದಿತ್ತು. ಗಿರಾಕಿ ಐವತ್ತು ಎಂದೇ ತಿಳಿದರು, ತಪ್ಪು ಅವರದ್ದಲ್ಲ. ಹಳೆಯ ಲಿಸ್ಟಿಂಗನ್ನು ನಕಲು ಮಾಡಿ ಹೊಸದು ಮಾಡುವಾಗ ಇದು ಆಗುತ್ತದೆ.

ಪರಿಹಾರ ಒಂದೇ. ತಟ್ಟೆಯ ಸಂಖ್ಯೆ, ವ್ಯಾಸ, ಆಕಾರ ಇವು ಒಂದೊಂದು ಕಾಲಂನಲ್ಲಿ ಒಂದೇ ಸಲ ಇರಲಿ. ಶೀರ್ಷಿಕೆಯನ್ನು ಯಾರೂ ಟೈಪ್ ಮಾಡದಿರಲಿ, ಸೂತ್ರವೇ ಕಟ್ಟಲಿ. ವ್ಯಾಸ ಎಚ್ ಕಾಲಂನಲ್ಲಿದ್ದರೆ:

```
=H2&" Inch Areca Leaf Plates, Round, Pack of "&D2
```

ಸ್ಟಾಕನ್ನು ಭಾಗಿಸುವ ಡಿ ಕಾಲಂನಿಂದಲೇ ಶೀರ್ಷಿಕೆಯ ಸಂಖ್ಯೆಯೂ ಬರುವ ಕಾರಣ ಎರಡೂ ಬೇರೆಯಾಗಲು ಸಾಧ್ಯವೇ ಇಲ್ಲ. ಶೀರ್ಷಿಕೆಯ ಉದ್ದ ಅಮೆಜಾನಿನಲ್ಲಿ ಬಹುತೇಕ ಮಾಲುಗಳಿಗೆ 200 ಅಕ್ಷರ ಮೀರಬಾರದು. ನಮ್ಮದು ಅದರ ಹತ್ತಿರಕ್ಕೂ ಹೋಗುವುದಿಲ್ಲ. ತುಳುವಿನ ಪಾಳೆ, ಮಲೆಯಾಳದ ಪಾಳ ಎಂದು ಹುಡುಕುವವರೂ ಇದ್ದಾರೆ, ಆ ಪದಗಳನ್ನು ಶೀರ್ಷಿಕೆಗೆ ತುರುಕದೆ ಹುಡುಕು ಪದಗಳ ಜಾಗದಲ್ಲಿ ಹಾಕಿ.

ಎಂಆರ್‌ಪಿ ಒಂದೇ ಕಾಲಂ, ಮಾರುವ ಬೆಲೆ ಮಾರುಕಟ್ಟೆಗೆ ಒಂದರಂತೆ ಮೂರು ಕಾಲಂ. ಕಮಿಷನ್, ರವಾನೆ ಖರ್ಚು ಮೂರು ಕಡೆ ಮೂರು ತರ ಇರುವುದರಿಂದ ಮಾರುವ ಬೆಲೆ ಒಂದೇ ಇರಬೇಕೆಂಬ ಹಟ ಬೇಡ. ಎಂಆರ್‌ಪಿ ಮಾತ್ರ ಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಇದ್ದದ್ದೇ ಪರದೆಯಲ್ಲೂ ಇರಬೇಕು. ಪ್ಯಾಕ್ ಮಾಡಿದ ಮಾಲಿನ ಎಂಆರ್‌ಪಿ, ಪ್ರಮಾಣ, ತಯಾರಕರ ಹೆಸರು ಆನ್‌ಲೈನಿನಲ್ಲೂ ಕಾಣಬೇಕು ಎಂಬುದು 2011ರ ಪ್ಯಾಕೇಜ್ ಸರಕು ನಿಯಮಗಳ ಪ್ರಕಾರ ಕಡ್ಡಾಯ. ಬೆಲೆ ಏರಿಸುವಾಗ ಹಳೆಯ ಚೀಟಿಯ ಕಟ್ಟುಗಳು ಮುಗಿಯುವ ತನಕ ಶೀಟಿನ ಎಂಆರ್‌ಪಿ ಮುಟ್ಟಬೇಡಿ.

ಮಳೆಗಾಲದಲ್ಲಿ ನಾವು ಹಲಸಿನ ಹಪ್ಪಳವನ್ನೂ ಮಾರುತ್ತೇವೆ. ಅದಕ್ಕೆ ಈ ಒಂದೇ ರಾಶಿಯ ಲೆಕ್ಕ ಸಾಲದು, ಪ್ರತಿ ಬ್ಯಾಚಿಗೂ ಬೇರೆ ಸಾಲು ಬೇಕು. ಆನ್‌ಲೈನಿನಲ್ಲಿ ಮಾರಿದ ಆಹಾರ ಗಿರಾಕಿಯ ಕೈ ಸೇರುವಾಗ ಅದರ ಬಾಳಿಕೆಯ ಶೇ. 30 ಅಥವಾ 45 ದಿನ ಉಳಿದಿರಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ. ಆರು ತಿಂಗಳ ಬಾಳಿಕೆ ಇರುವ ಹಪ್ಪಳಕ್ಕೆ ನಾವು ಕಟ್ಟುನಿಟ್ಟಿನ ಕಡೆಯೇ ಹೋಗಿ 54 ದಿನ ಇಟ್ಟು, ದಾರಿಯ ಹತ್ತು ದಿನ ಸೇರಿಸಿ, ಅವಧಿಗೆ 64 ದಿನ ಮೊದಲೇ ಆ ಬ್ಯಾಚನ್ನು ಸೊನ್ನೆ ಮಾಡುತ್ತೇವೆ.

ವಾರಕ್ಕೊಮ್ಮೆ ಎರಡು ತಾಳೆ

ಮೊದಲನೆಯದು ಶೀಟಿಗೂ ಮಾರುಕಟ್ಟೆಗೂ. ಪ್ರತಿ ಮಾರುಕಟ್ಟೆಯಿಂದ ಈಗ ಚಾಲ್ತಿಯಲ್ಲಿರುವ ಲಿಸ್ಟಿಂಗ್‌ಗಳ ವರದಿ ಇಳಿಸಿ, ಒಂದು ಪುಟದಲ್ಲಿ ಅಂಟಿಸಿ, ಅಲ್ಲಿನ ಪ್ರತಿ ಎಸ್‌ಕೆಯುವನ್ನೂ `Listings`ನಲ್ಲಿ ಹುಡುಕಿಸಿ:

```
=IF(COUNTIF(Listings!B:B, A2)=0, "???", "")
```

ಪ್ರಶ್ನೆ ಚಿಹ್ನೆ ಬಂದ ಸಾಲು ಅನಾಥ ಲಿಸ್ಟಿಂಗ್. ಶೀಟಿಗೆ ಗೊತ್ತಿಲ್ಲದೆ ಹೊರಗೆ ಮಾರಾಟಕ್ಕೆ ಕುಳಿತಿರುವುದು. ನಾವು ಮೊದಲ ಸಲ ಹುಡುಕಿದಾಗ ಹಳೆಯ `10-25` ಕೋಡಿನ ಲಿಸ್ಟಿಂಗ್ ಒಂದು, 37 ಕಟ್ಟು ಇದೆ ಎಂದು ಹೇಳಿಕೊಂಡು ಹಾಗೇ ತೆರೆದಿತ್ತು. ಹೊಸ ಕೋಡು ಮಾಡಿದ ದಿನ ಹಳೆಯದನ್ನು ಮುಚ್ಚಲು ಮರೆತದ್ದು.

ಎರಡನೆಯದು ಶೀಟಿಗೂ ರಾಶಿಗೂ. ಶನಿವಾರ ಕೊರಿಯರಿನವರು ಹೋದ ಮೇಲೆ ಎಣಿಸುತ್ತೇವೆ, ಆಗ ಕಟ್ಟಿಟ್ಟ ಪಾರ್ಸೆಲ್ ಹೆಚ್ಚು ಇರುವುದಿಲ್ಲ. ಇನ್ನೂ ಹೋಗದ ಆರ್ಡರಿನ ತಟ್ಟೆಗಳನ್ನು ಎಣಿಕೆಯಿಂದ ಕಳೆದು ಬಿ ಕಾಲಂಗೆ ಹೋಲಿಸುವುದು. ವ್ಯತ್ಯಾಸ ಇದ್ದರೆ ಬಿ ಕಾಲಂನ ಸೂತ್ರವನ್ನು ಅಳಿಸಿ ಸಂಖ್ಯೆ ಬರೆಯಬಾರದು. `Log`ನಲ್ಲಿ ಎಣಿಕೆ ಎಂಬ ಕಾರಣ ಹಾಕಿ ಒಂದು ಸಾಲು ಸೇರಿಸಬೇಕು. ಆ ಸಾಲುಗಳನ್ನು ಎರಡು ತಿಂಗಳಿಗೊಮ್ಮೆ ಒಟ್ಟಿಗೆ ನೋಡಿದರೆ ಸೋರಿಕೆ ಎಲ್ಲಿ ಎಂದು ತಿಳಿಯುತ್ತದೆ. ವ್ಯತ್ಯಾಸ 25 ಅಥವಾ 50 ಎಂಬ ದುಂಡು ಸಂಖ್ಯೆಯಾಗಿದ್ದರೆ ಯಾವುದೋ ಆರ್ಡರ್ ಬರೆಯಲು ಬಿಟ್ಟುಹೋಗಿದೆ ಅಥವಾ ಎರಡು ಸಲ ಬರೆದಿದೆ. ಏಳು, ಹದಿಮೂರು ಎಂಬಂಥ ಸಂಖ್ಯೆಯಾದರೆ ಸೀಳು ತಟ್ಟೆಯನ್ನು ಹಾಳು ಎಂದು ಬರೆಯದೆ ಬದಿಗೆ ಎಸೆದಿದ್ದಾರೆ.

ವಾಪಸ್ ಬಂದ ಕಟ್ಟನ್ನು ಬಾಗಿಲಲ್ಲೇ `Log`ಗೆ ಸೇರಿಸಬೇಡಿ. ಬಿಚ್ಚಿ ನೋಡಿ, ತೇವ ಹಿಡಿದಿದೆಯೇ ಎಂದು ಮೂಸಿ, ಒಳ್ಳೆಯ ತಟ್ಟೆ ಎಷ್ಟೋ ಅಷ್ಟನ್ನೇ ಕೂಡಿಸಿ. ಜುಲೈಯಲ್ಲಿ ವಾಪಸ್ ಬಂದ ಇಪ್ಪತ್ತೈದರ ಒಂದು ಕಟ್ಟಿನಲ್ಲಿ ನಮಗೆ ಉಳಿದದ್ದು ಒಂಬತ್ತು. ಉಳಿದ ಹದಿನಾರು ಬಚ್ಚಲೊಲೆಗೆ ಹೋಯಿತು.